‘ವಾಪಸ್ ಬರುತ್ತೆ ಬಿಡು’ ಅಂದರೆ ಯಾವತ್ತು?

ಯುಪಿಐನಲ್ಲಿ ಹಣ ಕಟ್ ಆಗಿ, ಆ ಕಡೆಯವರಿಗೆ ಸೇರದೇ ಹೋದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ‘ವಾಪಸ್ ಬರುತ್ತೆ ಬಿಡು’. ಮಾತು ಸುಳ್ಳಲ್ಲ. ಆದರೆ ಯಾವತ್ತು ಬರುತ್ತೆ, ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಖಾತೆಯಲ್ಲಿ ಸಾವಿರದ ಚಿಲ್ಲರೆ ಇಟ್ಟುಕೊಂಡು ಕೆಲಸಕ್ಕೆ ಅರ್ಜಿ ಹಾಕುವ ನಮ್ಮಂಥವರಿಗೆ ಈ ‘ಯಾವತ್ತು’ ಎನ್ನುವುದೇ ಮುಖ್ಯ.

ನನಗೆ ಇದು ತಿಳಿದದ್ದು ಒಂದು ನೇಮಕಾತಿ ಅರ್ಜಿಯಿಂದ. ಅರ್ಜಿ ಹಾಕಲು 11ನೇ ತಾರೀಕು ಕೊನೆ. 10ರ ಸಂಜೆ ಹೊಸ ಫೋನಿನಲ್ಲಿ ಮೊದಲ ಬಾರಿಗೆ ಯುಪಿಐ ಹಾಕಿಕೊಂಡೆ. ಅಲ್ಲಿಯವರೆಗೂ ಇಂಥದ್ದಕ್ಕೆಲ್ಲ ಪುರವರದಿಂದ ಬಸ್ ಹತ್ತಿ ಮಧುಗಿರಿಯ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಈ ಸಲ ಬಸ್ ಚಾರ್ಜ್, ಸೈಬರಿನವರ ಚಾರ್ಜ್ ಎರಡೂ ಉಳಿಯಲಿ ಎಂಬ ಆಸೆ.

ನೋಂದಣಿ ಕಷ್ಟವೇನಲ್ಲ. ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು. ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ. ಕರೆನ್ಸಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಹಾಕಿ, ಬಂದ ಒಟಿಪಿ ಕೊಟ್ಟು, ನಾಲ್ಕು ಅಥವಾ ಆರು ಅಂಕಿಯ ಪಿನ್ ಇಟ್ಟುಕೊಳ್ಳಬೇಕು. ಕಾರ್ಡ್ ಇಲ್ಲದವರು ಅನೇಕ ಬ್ಯಾಂಕುಗಳಲ್ಲಿ ಆಧಾರ್ ಒಟಿಪಿಯಿಂದಲೂ ಪಿನ್ ಇಡಬಹುದು. ಅದಕ್ಕೆ ಆಧಾರ್‌ಗೂ ಬ್ಯಾಂಕಿಗೂ ಒಂದೇ ನಂಬರ್ ಜೋಡಣೆಯಾಗಿರಬೇಕು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಈ ಪಿನ್ ಆ್ಯಪ್‌ನದಲ್ಲ, ಬ್ಯಾಂಕ್ ಖಾತೆಯದು. ನಾಳೆ ಬೇರೆ ಆ್ಯಪ್ ಹಾಕಿಕೊಂಡು ಅದೇ ಖಾತೆ ಜೋಡಿಸಿದರೂ ಅದೇ ಪಿನ್ ನಡೆಯುತ್ತದೆ. ಫೋನಿನ ಲಾಕ್ ಅಥವಾ ಆ್ಯಪ್ ತೆರೆಯುವ ಲಾಕ್ ಬೇರೆ, ಇದು ಬೇರೆ. ಪಿನ್ ಒತ್ತುವುದೆಂದರೆ ‘ನನ್ನ ಖಾತೆಯಿಂದ ಹಣ ತೆಗೆ’ ಎಂದು ಬ್ಯಾಂಕಿಗೆ ಸಹಿ ಹಾಕಿಕೊಟ್ಟಂತೆ. ಬ್ಯಾಲೆನ್ಸ್ ನೋಡುವುದಕ್ಕೂ ಅದು ಬೇಕು. ಆದರೆ ಹಣ ಬರುವುದಕ್ಕೆ ಯಾವತ್ತೂ ಬೇಡ. ತಪ್ಪು ಪಿನ್ ಒತ್ತಿದರೆ ಹಣ ಹೋಗುವುದಿಲ್ಲ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಬ್ಯಾಂಕು ಆ ದಿನದ ಮಟ್ಟಿಗೆ ಬಾಗಿಲು ಹಾಕುತ್ತದೆ, ಅಷ್ಟೆ.

ಅವತ್ತು ರಾತ್ರಿ 9.40ಕ್ಕೆ ಅರ್ಜಿಯ ಶುಲ್ಕ 750 ರೂಪಾಯಿ ಕಟ್ಟಲು ಪಿನ್ ಒತ್ತಿದೆ. ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ. ಚಕ್ರ ತಿರುಗುತ್ತಲೇ ಇತ್ತು. ಖಾತೆಯಿಂದ 750 ಕಡಿತವಾಗಿದೆ ಎಂದು ಬ್ಯಾಂಕಿನ ಎಸ್‌ಎಂಎಸ್ ಬಂತು. ಆ್ಯಪ್‌ನಲ್ಲಿ Pending ಎಂದಿತ್ತು. ಅರ್ಜಿಯ ಪುಟದಲ್ಲಿ ಶುಲ್ಕ ಪಾವತಿಯಾಗಿಲ್ಲ ಎಂದಿತ್ತು. ಖಾತೆಯಲ್ಲಿದ್ದದ್ದು 1,640, ಈಗ ಉಳಿದದ್ದು 890. ಇನ್ನೊಂದು ಸಲ ಕಟ್ಟಿದರೆ 140 ಉಳಿಯುತ್ತದೆ. ಕಟ್ಟದಿದ್ದರೆ ಅರ್ಜಿಯೇ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಮತ್ತೆ ಪಿನ್ ಕಡೆಗೆ ಹೋಗುತ್ತದೆ. ಹೋಗಬಾರದು. Pending ಎಂದರೆ ಹಣ ಎಲ್ಲಿದೆ ಎಂದು ಎರಡು ಬ್ಯಾಂಕುಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ ಎಂದು. ಅದು ಮುಂದೆ ಯಶಸ್ವಿಯೂ ಆಗಬಹುದು, ವಿಫಲವೂ ಆಗಬಹುದು. ನಾವು ಅವಸರದಲ್ಲಿ ಎರಡನೇ ಸಲ ಕಟ್ಟಿ, ಮೊದಲನೆಯದೂ ಯಶಸ್ವಿಯಾಗಿಬಿಟ್ಟರೆ ಆಗ ಅದು ‘ವಿಫಲ ಪಾವತಿ’ಯೇ ಅಲ್ಲ. ಎರಡು ಸಲ ಕಟ್ಟಿದ ಹಣವನ್ನು ಶುಲ್ಕ ಪಡೆದ ಸಂಸ್ಥೆಯ ಬಳಿಯೇ ಕೇಳಬೇಕಾಗುತ್ತದೆ. ಬ್ಯಾಂಕಿನ ಗಡುವು ಅದಕ್ಕೆ ಅನ್ವಯಿಸುವುದಿಲ್ಲ. ತಪ್ಪು ನಂಬರಿಗೆ ಹಣ ಕಳಿಸಿದಾಗಲೂ ಅಷ್ಟೆ. ಯಂತ್ರದ ಲೆಕ್ಕದಲ್ಲಿ ಅದು ಸರಿಯಾಗಿ ತಲುಪಿದ ಹಣ.

ನಾನು ಬೆಳಿಗ್ಗೆಯವರೆಗೆ ಕಾದೆ. ಆ್ಯಪ್‌ನಲ್ಲಿ Failed ಎಂದು ಬದಲಾಗಿತ್ತು. ಅರ್ಜಿಯ ಪುಟವನ್ನು ಮತ್ತೆ ತೆರೆದು ಪಾವತಿ ಸ್ಥಿತಿ ನೋಡಿದೆ, ಅಲ್ಲೂ ಬಾಕಿ ಎಂದೇ ಇತ್ತು. ಎರಡೂ ಕಡೆ ಒಂದೇ ಮಾತು ಬಂದ ಮೇಲೆ ಮಾಳಿಗೆ ಹತ್ತಿ, ಸಿಗ್ನಲ್ ನೋಡಿಕೊಂಡು ಎರಡನೇ ಸಲ ಕಟ್ಟಿದೆ. ರಸೀದಿ ಬಂತು. ಮೊದಲ 750 ಮಾತ್ರ ಬರಲಿಲ್ಲ.

ಅದಕ್ಕೆ ಗಡುವು ಇದೆ ಎಂದು ಹೇಳಿದವರು ಸೈಬರ್ ಸೆಂಟರಿನ ಅಣ್ಣ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಎಲ್ಲ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿದೆ. ಅದು ಆ ವರ್ಷದ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಅದರಲ್ಲಿ ಯುಪಿಐಗೆ ಎರಡು ಲೆಕ್ಕ. ಒಬ್ಬ ವ್ಯಕ್ತಿಯ ಖಾತೆಗೆ ಕಳಿಸಿದ ಹಣ ನಮ್ಮಿಂದ ಕಡಿತವಾಗಿ ಅವರಿಗೆ ಸೇರದಿದ್ದರೆ, ಮಾರನೆಯ ದಿನದೊಳಗೆ ನಮ್ಮ ಖಾತೆಗೆ ತಾನಾಗಿ ಮರಳಬೇಕು. ಅಂಗಡಿ, ಶುಲ್ಕ, ಟಿಕೆಟ್ ಹೀಗೆ ವ್ಯಾಪಾರಿ ಪಾವತಿಯಲ್ಲಿ ಹಣ ಕಡಿತವಾಗಿ ಆ ಕಡೆ ಖಾತ್ರಿಯಾಗದಿದ್ದರೆ, ಪಾವತಿಯ ದಿನ ಬಿಟ್ಟು ಐದು ದಿನದೊಳಗೆ ಮರಳಬೇಕು. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೂ ಗ್ರಾಹಕ ದೂರು ಕೊಡಲಿ ಎಂದು ಕಾಯದೆ ಕೊಡಬೇಕು.

ನನ್ನ ಲೆಕ್ಕ ಹೀಗಾಯಿತು. ಪಾವತಿ 10ಕ್ಕೆ, ಗಡುವು 15ಕ್ಕೆ. ಹಣ ಮರಳಿದ್ದು 18ಕ್ಕೆ. ಮೂರು ದಿನ ತಡ, 300 ರೂಪಾಯಿ ಪರಿಹಾರ. 750 ಬಂತು, 300 ಬರಲಿಲ್ಲ. ಶಾಖೆಗೆ ಹೋಗಿ ಕೇಳಿದರೆ, ‘ದುಡ್ಡು ಬಂತಲ್ಲಪ್ಪ, ಇನ್ನೇನು?’ ಎಂದರು. ಬಾಯಿಮಾತು ಬಿಟ್ಟು ಅರ್ಧ ಪುಟದ ಅರ್ಜಿ ಬರೆದೆ: ಪಾವತಿಯ ದಿನಾಂಕ, ಮೊತ್ತ, ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದರೆ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆ, ಹಣ ಮರಳಿದ ದಿನಾಂಕ, ಸುತ್ತೋಲೆಯ ದಿನಾಂಕ. ಸ್ವೀಕೃತಿಗೆ ಸೀಲ್ ಹಾಕಿಸಿಕೊಂಡೆ. ಒಂಬತ್ತು ದಿನಕ್ಕೆ 300 ಜಮೆಯಾಯಿತು. ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಎನಿಸದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು. ನನಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ.

ಕಾಯುವ ಈ ದಿನಗಳೇ ವಂಚಕರ ಸುಗ್ಗಿ. ಹಣ ಬರಲಿಲ್ಲವೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ನಕಲಿ ನಂಬರ್ ಸಿಗುವ ಸಂಭವ ಹೆಚ್ಚು. ಆ ಕಡೆಯವರು ಬಹಳ ಮರ್ಯಾದೆಯಿಂದ, ‘ರೀಫಂಡ್ ಕಳಿಸುತ್ತೇವೆ ಸರ್, ಪಿನ್ ಒತ್ತಿ’ ಎನ್ನುತ್ತಾರೆ. ಮೇಲೆ ಹೇಳಿದ್ದನ್ನು ನೆನಪಿಡಿ: ಬರುವ ಹಣಕ್ಕೆ ಪಿನ್ ಬೇಡ. ವಿಫಲವಾದ ಹಣ ಹೋದ ಖಾತೆಗೇ ತಾನಾಗಿ ಮರಳುತ್ತದೆ. ಅದಕ್ಕೆ ಲಿಂಕ್ ಇಲ್ಲ, ಕ್ಯೂಆರ್ ಇಲ್ಲ, ಒಟಿಪಿ ಇಲ್ಲ. ದೂರು ಕೊಡಬೇಕಿದ್ದರೆ ಆ್ಯಪ್‌ನಲ್ಲಿ ಆ ವ್ಯವಹಾರವನ್ನೇ ತೆರೆದು ಅಲ್ಲಿರುವ ಸಹಾಯದ ಆಯ್ಕೆ ಒತ್ತಬೇಕು, ಇಲ್ಲವೇ ಪಾಸ್‌ಬುಕ್‌ನಲ್ಲಿರುವ ಶಾಖೆಗೆ ಹೋಗಬೇಕು. ಮೋಸ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನು ಮಿತಿಯ ಮಾತು. ನನ್ನ ಗೆಳೆಯ ಹೊಸ ಫೋನ್ ಕೊಂಡ ದಿನವೇ ಪಿಜಿಯ ಓನರ್‌ಗೆ ಅಡ್ವಾನ್ಸ್ 6,200 ರೂಪಾಯಿ ಕಳಿಸಲು ಹೋದ. ಖಾತೆಯಲ್ಲಿ ಹಣವಿತ್ತು, ಪಿನ್ ಸರಿಯಿತ್ತು, ಆದರೂ ಹೋಗಲಿಲ್ಲ. ಖಾತೆಯನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಹೆದರಿದ. ಕಾರಣ ಬೇರೆ. ಹೊಸದಾಗಿ ಯುಪಿಐ ಸೇರಿದಾಗ, ಅಥವಾ ಫೋನ್, ಸಿಮ್ ಬದಲಿಸಿ ಮತ್ತೆ ನೋಂದಾಯಿಸಿದಾಗ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಯಾರಾದರೂ ನಮ್ಮ ಸಿಮ್ ಕದ್ದು ತಮ್ಮ ಫೋನಿಗೆ ಹಾಕಿಕೊಂಡರೆ ಒಂದೇ ಏಟಿಗೆ ಖಾತೆ ಬರಿದಾಗದಿರಲಿ ಎಂಬ ತಡೆ ಅದು. ಮಾರನೆಯ ದಿನ ಸಂಜೆ ಅದೇ 6,200 ಸಲೀಸಾಗಿ ಹೋಯಿತು. ಆ ಅವಧಿ ಕಳೆದ ಮೇಲೆ ಸಾಮಾನ್ಯ ಪಾವತಿಗೆ ದಿನಕ್ಕೆ 1 ಲಕ್ಷದವರೆಗೆ ಅವಕಾಶ. ಬ್ಯಾಂಕು ಅದಕ್ಕಿಂತ ಕಡಿಮೆಯನ್ನೂ ಇಡಬಹುದು. ಪಿನ್‌ನಂತೆ ಈ ಮಿತಿಯೂ ಖಾತೆಯದು. ಒಂದು ಆ್ಯಪ್‌ನಲ್ಲಿ ಮುಗಿದರೆ ಇನ್ನೊಂದರಲ್ಲಿ ಹೊಸದಾಗಿ ಶುರುವಾಗುವುದಿಲ್ಲ. ಹಾಗಾಗಿ ಇಂಥ ಕಡೆ ಸಂದೇಶ ಓದಿ: ಮಿತಿಯಿಂದ ನಿಂತ ಪಾವತಿಯಲ್ಲಿ ಹಣ ಕಡಿತವೇ ಆಗಿರುವುದಿಲ್ಲ, ಕಾಯಬೇಕಾದ್ದು ಗಡಿಯಾರಕ್ಕೆ, ಮರುಪಾವತಿಗಲ್ಲ.

ನನ್ನ ತಕರಾರು ಯುಪಿಐ ಬಗ್ಗೆ ಅಲ್ಲ. ನಿಯಮ ಚೆನ್ನಾಗಿಯೇ ಇದೆ, ಅದನ್ನು ನಮ್ಮಿಂದ ದೂರ ಇಟ್ಟಿದ್ದಾರೆ ಎಂಬುದು ತಕರಾರು. ಹಣ ಕಡಿತವಾದ ಕ್ಷಣದಲ್ಲೇ ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಕಳಿಸಲು ಬರುವ ಬ್ಯಾಂಕಿಗೆ, ‘ಈ ಪಾವತಿ ವಿಫಲವಾಗಿದೆ, 15ರೊಳಗೆ ಹಣ ಮರಳುತ್ತದೆ, ತಡವಾದರೆ ದಿನಕ್ಕೆ 100 ರೂಪಾಯಿ’ ಎಂದು ಕನ್ನಡದಲ್ಲಿ ಒಂದು ಸಾಲು ಕಳಿಸಲು ಬಾರದೇ? ಹಣ ಮರಳಿಸಲು ಐದು ದಿನ ಬೇಕು ಎಂದು ನಿಯಮವೇ ಒಪ್ಪಿರುವಾಗ, ನೇಮಕಾತಿ ಸಂಸ್ಥೆಗಳು ಅರ್ಜಿಯ ಕೊನೆಯ ದಿನ ಮುಗಿದ ಮೇಲೂ ಶುಲ್ಕಕ್ಕೆ ಐದಾರು ದಿನ ಕೊಡುವುದು ನ್ಯಾಯವಲ್ಲವೇ? ನನ್ನ ಖಾತೆಯಲ್ಲಿ ಅವತ್ತು 890ರ ಬದಲು 600 ಉಳಿದಿದ್ದರೆ, ಯಾರ ತಪ್ಪೂ ಇಲ್ಲದೆ ನನ್ನ ಅರ್ಜಿ ಹೋಗುತ್ತಿತ್ತು. ಆಮೇಲೆ 750ರ ಜೊತೆ 300 ಬಂದು ಏನು ಪ್ರಯೋಜನ?

ಅವರು ಬದಲಾಗುವವರೆಗೆ ನಾನು ಮಾಡಿಕೊಂಡಿರುವ ಏರ್ಪಾಡು ಇಷ್ಟು. ಅರ್ಜಿಯ ಕೊನೆಯ ದಿನದಿಂದ ಆರು ದಿನ ಹಿಂದಕ್ಕೆ ಎಣಿಸಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗೆರೆ ಎಳೆಯುತ್ತೇನೆ. ನನಗೆ ಅದೇ ಕೊನೆಯ ದಿನ.