ಗಿರಾಕಿಯ ಪರದೆ, ಅಂಗಡಿಯ ಖಾತೆ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ಮೂರರ ಹುಡುಗನೊಬ್ಬ ಅಪ್ಪನ ದಿನಸಿ ಅಂಗಡಿ ನೋಡಿಕೊಳ್ಳುತ್ತಾನೆ. ಗಲ್ಲಾದ ಮುಂದೆ ಅಂಟಿಸಿರುವ ಕ್ಯೂಆರ್ ಕೋಡ್ ಅಪ್ಪನ ಬ್ಯಾಂಕ್ ಖಾತೆಯದು. ಹಣ ಬಂದರೆ ಸಂದೇಶ ಹೋಗುವುದು ಅಪ್ಪನ ಮೊಬೈಲಿಗೆ, ಅಪ್ಪ ಸಂಜೆ ಹೊತ್ತಿಗೆ ತೋಟದಲ್ಲೋ ಮನೆಯಲ್ಲೋ ಇರುತ್ತಾರೆ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ತಿಂಗಳ ಬಾಡಿಗೆ ಕೇಳುತ್ತದೆಂದು ಅದನ್ನು ಹಾಕಿಸಿರಲಿಲ್ಲ.

ಸಂತೆಯ ದಿನ ಸಂಜೆ, ಅಂಗಡಿ ತುಂಬ ಜನ. ಬೈಕಿನಲ್ಲಿ ಬಂದ ಇಬ್ಬರು 25 ಕಿಲೋ ಸೋನಾ ಮಸೂರಿ ಅಕ್ಕಿಯ ಒಂದು ಮೂಟೆ, ಐದು ಲೀಟರ್ ಎಣ್ಣೆಯ ಕ್ಯಾನ್, ಎರಡು ಕಿಲೋ ತೊಗರಿಬೇಳೆ ತೆಗೆದುಕೊಂಡರು. ಲೆಕ್ಕ 2,560 ರೂಪಾಯಿ ಆಯಿತು. ಒಬ್ಬ ಕ್ಯೂಆರ್ ಸ್ಕ್ಯಾನ್ ಮಾಡಿ ಮೊಬೈಲ್ ತಿರುಗಿಸಿ ತೋರಿಸಿದ. ಹಸಿರು ಪರದೆ, ಟಿಕ್ ಗುರುತು, ಅಪ್ಪನ ಹೆಸರು, ಮೊತ್ತ, ಹನ್ನೆರಡು ಅಂಕಿಯ ಸಂಖ್ಯೆ, ಎಲ್ಲವೂ ಇತ್ತು. ಹುಡುಗ ತೀರಾ ಮೈಮರೆತಿರಲಿಲ್ಲ, ಅಪ್ಪನಿಗೆ ಫೋನ್ ಮಾಡಿ ‘ದುಡ್ಡು ಬಂತೇನಪ್ಪಾ?’ ಎಂದು ಕೇಳಿದ. ‘ಹೂಂ ಕಣೋ, ಈಗ್ತಾನೇ ಬಂತು’ ಎಂದರು ಅಪ್ಪ. ಗಿರಾಕಿ ‘ಬೇಕಾದ್ರೆ ಸ್ಕ್ರೀನ್‌ಶಾಟ್ ಕಳಿಸ್ತೀನಿ ಅಣ್ಣ, ಇಟ್ಕೊಳ್ಳಿ’ ಎಂದು ವಾಟ್ಸ್‌ಆ್ಯಪ್‌ಗೂ ಹಾಕಿ ಹೊರಟುಹೋದ.

ರಾತ್ರಿ ಅಂಗಡಿ ಮುಚ್ಚಿ ಲೆಕ್ಕ ಹಾಕುವಾಗ ನಗದು ಸರಿಯಾಗಿಯೇ ಇತ್ತು, ಫೋನಿನಲ್ಲಿ ಬಂದ ಹಣದಲ್ಲಿ ಮಾತ್ರ 2,560 ರೂಪಾಯಿ ಕಡಿಮೆ. ಖಾತೆಯ ವಿವರ ತೆಗೆದು ನೋಡಿದಾಗ ಗುಟ್ಟು ಬಯಲಾಯಿತು. ಆ ಇಬ್ಬರು ಬರುವ ಮೊದಲು ಖಾತೆಯಲ್ಲಿದ್ದದ್ದು 18,240 ರೂಪಾಯಿ. ಅದಾದ ಮೇಲೆ ಬೇರೆ ಗಿರಾಕಿಗಳಿಂದ 120 ಮತ್ತು 85 ರೂಪಾಯಿ ಬಂದು 18,445 ಆಗಿತ್ತು. ಅಕ್ಕಿಯ ಹಣವೂ ಬಂದಿದ್ದರೆ 21,005 ಇರಬೇಕಿತ್ತು. ಅಪ್ಪ ನೋಡಿದ್ದು 120 ರೂಪಾಯಿಯ ಸಂದೇಶ. ಹಣ ಬಂತೇ ಎಂದು ಮಗ ಕೇಳಿದ, ಎಷ್ಟು ಬಂತು ಎಂದು ಕೇಳಲಿಲ್ಲ.

ಇಂಥ ಮೋಸ ನಡೆದಾಗಲೆಲ್ಲ ವ್ಯಾಪಾರಿಗಳಿಗೆ ಒಂದು ಸಲಹೆ ಸಿಗುತ್ತದೆ: ಸ್ಕ್ರೀನ್‌ಶಾಟನ್ನು ಗಮನವಿಟ್ಟು ನೋಡಿ, ಅಕ್ಷರದ ಆಕಾರ, ದಿನಾಂಕ, ಸಮಯ, ಕಾಗುಣಿತ ಪರಿಶೀಲಿಸಿ. ಈ ಸಲಹೆಯೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಗುಣಿತ ತಪ್ಪಿರುವ ನಕಲಿ ಸಿಕ್ಕಿಬೀಳುತ್ತದೆ, ನಿಜ. ಆದರೆ ಚೆನ್ನಾಗಿ ಮಾಡಿದ ನಕಲಿಯನ್ನು ಕಣ್ಣಿನಿಂದ ಕಂಡುಹಿಡಿಯಲು ಸಾಧ್ಯವೇ ಇಲ್ಲ. ಪರೀಕ್ಷೆ ಮಾಡಿದೆ ಎಂಬ ಸಮಾಧಾನದಲ್ಲಿ ವ್ಯಾಪಾರಿ ಇನ್ನಷ್ಟು ಗಟ್ಟಿಯಾಗಿ ನಂಬುತ್ತಾನೆ.

ಪರದೆಯ ಮೇಲೆ ಅಪ್ಪನ ಹೆಸರು ಮೂಡಿದ್ದೇ ಆ ಹುಡುಗನಿಗೆ ದೊಡ್ಡ ಸಾಕ್ಷಿಯಾಗಿ ಕಂಡಿತ್ತು. ಹೆಸರು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಆ ಸಾಕ್ಷಿ ಅಲ್ಲೇ ಬಿದ್ದುಹೋಗುತ್ತದೆ. ಕ್ಯೂಆರ್ ಕೋಡ್‌ನಲ್ಲಿ ಯುಪಿಐ ವಿಳಾಸದ ಜೊತೆಗೆ ಸಾಮಾನ್ಯವಾಗಿ ಹಣ ಪಡೆಯುವವರ ಹೆಸರೂ ಬರೆದಿರುತ್ತದೆ. ಅದರಲ್ಲಿ ಗುಟ್ಟೇನೂ ಇಲ್ಲ, ಕ್ಯೂಆರ್ ಓದಬಲ್ಲ ಯಾವ ಆ್ಯಪ್ ಬೇಕಾದರೂ ಅದನ್ನು ಓದಬಹುದು. ಹೆಸರಾಂತ ಪಾವತಿ ಆ್ಯಪ್‌ಗಳನ್ನು ಹೋಲುವಂತೆ ಮಾಡಿದ ನಕಲಿ ಆ್ಯಪ್ ಕೂಡ ಸ್ಕ್ಯಾನ್ ಮಾಡುತ್ತದೆ, ಹೆಸರು ತೋರಿಸುತ್ತದೆ, ಮೊತ್ತ ಕೇಳುತ್ತದೆ, ಪಿನ್ ಒತ್ತಿಸಿಕೊಳ್ಳುತ್ತದೆ, ಹಸಿರು ಟಿಕ್ ಕೊಡುತ್ತದೆ. ಇಷ್ಟರಲ್ಲಿ ಅದು ಯಾವ ಬ್ಯಾಂಕನ್ನೂ ಸಂಪರ್ಕಿಸಿರುವುದಿಲ್ಲ. ಹನ್ನೆರಡು ಅಂಕಿಯ ಸಂಖ್ಯೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ನಿಜವಾದ ಪಾವತಿಯ ದಾರಿ ಬೇರೆ. ಗಿರಾಕಿಯ ಆ್ಯಪ್‌ನಿಂದ ಹೊರಟ ಕೋರಿಕೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ವ್ಯವಸ್ಥೆಯನ್ನು ಮುಟ್ಟುತ್ತದೆ. ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ ಸೂಚನೆ ಹೋಗಿ ಅವನ ಖಾತೆಯಿಂದ ಹಣ ಕಡಿತವಾಗುತ್ತದೆ. ಆಮೇಲೆ ಅಂಗಡಿಯವನ ಬ್ಯಾಂಕಿಗೆ ಸೂಚನೆ ಹೋಗಿ ಅವನ ಖಾತೆಗೆ ಜಮೆಯಾಗುತ್ತದೆ. ಈ ದಾರಿಗೆ ಎರಡು ತುದಿ. ಸ್ಕ್ರೀನ್‌ಶಾಟ್ ಯಾವತ್ತೂ ಗಿರಾಕಿಯ ತುದಿಯ ಚಿತ್ರ. ಅದು ಅಸಲಿಯೇ ಆಗಿದ್ದರೂ ಅಂಗಡಿಯ ತುದಿಯಲ್ಲಿ ಏನಾಯಿತು ಎಂದು ಖಾತರಿಯಾಗಿ ಹೇಳಲಾರದು. ಹಾಗಾಗಿ ಆ ಪರದೆ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೇ ಅಂಗಡಿಯವನಿಗೆ ಬೇಡ. ಗಿರಾಕಿ ತೋರಿಸಿದರೆ ನೋಡಿ ನಕ್ಕು, ತನ್ನ ಫೋನಿನತ್ತ ತಿರುಗಿದರೆ ಸಾಕು.

ತನ್ನ ಫೋನಿನಲ್ಲಿ ಏನು ನೋಡಬೇಕು? ಬ್ಯಾಲೆನ್ಸ್ ನೋಡಿ ಎಂದರೆ ಅರ್ಧ ಹೇಳಿದಂತೆ. ಈ ಅಂಗಡಿಯಲ್ಲಿ ಆದದ್ದನ್ನೇ ಗಮನಿಸಿ: ಬ್ಯಾಲೆನ್ಸ್ ಏರಿತ್ತು. ಏರಿದ್ದು ಬೇರೆಯವರ ಹಣದಿಂದ. ಸಂತೆಯ ದಿನದ ಗದ್ದಲದಲ್ಲಿ ಒಂದು ನಿಮಿಷಕ್ಕೆ ಇಬ್ಬರು ಮೂವರು ಹಣ ಹಾಕುವಾಗ, ಮೊದಲು ಎಷ್ಟಿತ್ತು ಎಂಬುದು ತಿಳಿಯದಿದ್ದರೆ ಈಗ ಎಷ್ಟಿದೆ ಎಂಬುದರಿಂದ ಏನೂ ತಿಳಿಯದು. ಆದ್ದರಿಂದ ನೋಡಬೇಕಾದದ್ದು ವಹಿವಾಟಿನ ಪಟ್ಟಿಯಲ್ಲಿ ಬಂದ ಜಮೆಯ ಸಾಲು: ಮೊತ್ತ, ಸಮಯ, ಹಾಕಿದವರ ಹೆಸರು. ದೊಡ್ಡ ಮೊತ್ತವಾದರೆ ಮಾತ್ರ ಬ್ಯಾಲೆನ್ಸನ್ನು ಹಿಂದಿನದರ ಜೊತೆ ತಾಳೆ ನೋಡಬೇಕು, ಮತ್ತೆ ರಾತ್ರಿ ಗಲ್ಲಾ ಎಣಿಸುವಾಗ ಇಡೀ ದಿನದ್ದನ್ನು. ಪ್ರತಿ ಗಿರಾಕಿಗೂ ಬ್ಯಾಲೆನ್ಸ್ ನೋಡುತ್ತೇನೆ ಎಂದರೂ ಆಗುವುದಿಲ್ಲ. 2025ರ ಆಗಸ್ಟ್‌ನಿಂದ ಒಂದು ಯುಪಿಐ ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಎಂದು ಎನ್‌ಪಿಸಿಐ ಮಿತಿ ಹಾಕಿದೆ. ವಹಿವಾಟು ಜೋರಾಗಿರುವ ಅಂಗಡಿಯಲ್ಲಿ ಅಷ್ಟು ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ, ಬಹಳ ಮಂದಿ ಎಡವುವುದು ಇಲ್ಲೇ. ಬ್ಯಾಂಕ್ ಖಾತೆಗೆ ನೇರ ಜೋಡಿಸಿದ ಕ್ಯೂಆರ್ ಆದರೆ ಹಣ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಖಾತೆಗೆ ಬರುತ್ತದೆ. ಆದರೆ ಪಾವತಿ ಕಂಪನಿಗಳು ವ್ಯಾಪಾರಿಗಳಿಗೆ ಕೊಡುವ ಕ್ಯೂಆರ್‌ಗಳಲ್ಲಿ ಹಲವು ಹಾಗಲ್ಲ. ದಿನವಿಡೀ ಬಂದ ಹಣ ಒಟ್ಟಾಗಿ ಸೆಟ್ಲ್‌ಮೆಂಟ್ ಆಗಿ ಮರುದಿನ ಬ್ಯಾಂಕಿಗೆ ಸೇರುವುದೂ ಉಂಟು. ಅಂಥ ಕ್ಯೂಆರ್ ಇಟ್ಟುಕೊಂಡವರು ಬ್ಯಾಂಕಿನ ಬ್ಯಾಲೆನ್ಸ್ ನೋಡಿ ಹಣ ಬಂದಿಲ್ಲ ಎಂದರೆ ಪ್ರಾಮಾಣಿಕ ಗಿರಾಕಿಯ ಮೇಲೆ ಅನ್ಯಾಯವಾಗಿ ಅನುಮಾನಪಟ್ಟಂತಾಗುತ್ತದೆ. ಅವರು ನೋಡಬೇಕಾದದ್ದು ಆ ಕಂಪನಿಯ ವ್ಯಾಪಾರಿ ಆ್ಯಪ್‌ನ ಪಟ್ಟಿ. ತನ್ನ ಕ್ಯೂಆರ್ ಯಾವ ಬಗೆಯದು ಎಂದು ಅಂಗಡಿಯವನು ಹತ್ತು ರೂಪಾಯಿ ಹಾಕಿಸಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎಸ್‌ಎಂಎಸ್ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ಹತ್ತಂಕಿಯ ಸಾಮಾನ್ಯ ನಂಬರಿನಿಂದ ಬ್ಯಾಂಕಿನ ಧಾಟಿಯಲ್ಲೇ ಸಂದೇಶ ಬರೆದು ಕಳಿಸುವವರಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಒಂದು ದೊಡ್ಡ ಖಾಸಗಿ ಬ್ಯಾಂಕ್ 2024ರ ಜೂನ್‌ನಿಂದ 500 ರೂಪಾಯಿಗಿಂತ ಕಡಿಮೆ ಯುಪಿಐ ಜಮೆಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿದೆ. ಸಣ್ಣ ಅಂಗಡಿಯ ಬಹುಪಾಲು ವ್ಯಾಪಾರ ನಡೆಯುವುದೇ ಆ ಮೊತ್ತದೊಳಗೆ.

ಹಾಗಾದರೆ ಹಣ ನಿಜವಾಗಿಯೂ ಗಿರಾಕಿಯ ಖಾತೆಯಿಂದ ಹೋಗಿ ನಡುವೆ ಸಿಕ್ಕಿಹಾಕಿಕೊಂಡಿದ್ದರೆ? ನಕಲಿ ತೋರಿಸುವವನು ಆಸರೆ ಪಡೆಯುವುದು ಈ ಸಾಧ್ಯತೆಯಲ್ಲೇ. ‘ಸರ್ವರ್ ಸ್ಲೋ ಇದೆ, ಐದು ನಿಮಿಷದಲ್ಲಿ ಬರುತ್ತೆ’ ಎಂಬ ಮಾತು ಎಷ್ಟೋ ಸಲ ನಿಜವೂ ಆಗಿರುವುದರಿಂದ ಅಂಗಡಿಯವನಿಗೆ ಸಂಕೋಚ. ಪರಿಚಿತ ಮುಖವಾದರೆ ಕೇಳುವುದೇ ಅವಮಾನ ಎನಿಸುತ್ತದೆ. ಈ ಸಂಕೋಚ ಕಳೆಯಲು ಒಂದು ನಿಯಮ ತಿಳಿದಿದ್ದರೆ ಸಾಕು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸೂಚನೆಯಂತೆ, ಯುಪಿಐ ವರ್ಗಾವಣೆಯಲ್ಲಿ ಹಣ ಕಡಿತವಾಗಿ ಪಡೆಯುವವರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ಅದು ತಾನಾಗಿ ವಾಪಸಾಗಬೇಕು. ವ್ಯಾಪಾರಿಗೆ ಮಾಡಿದ ಪಾವತಿಯ ಖಾತರಿ ತಲುಪದಿದ್ದರೆ ಐದು ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಉಂಟು. ಅಂದರೆ ಪ್ರಾಮಾಣಿಕ ಗಿರಾಕಿಯ ಹಣವನ್ನು ಕಾಯಲು ಒಂದು ವ್ಯವಸ್ಥೆ ಇದೆ. ಅಂಗಡಿಯಿಂದ ಹೊರಹೋದ ಅಕ್ಕಿಮೂಟೆಯನ್ನು ವಾಪಸು ತರುವ ವ್ಯವಸ್ಥೆ ಇಲ್ಲ. ‘ನಿಮ್ಮ ದುಡ್ಡು ಎಲ್ಲೂ ಹೋಗಲ್ಲ ಅಣ್ಣ. ಬಂದ ತಕ್ಷಣ ಫೋನ್ ಮಾಡ್ತೀನಿ, ಸಾಮಾನು ಕಟ್ಟಿಟ್ಟಿರ್ತೀನಿ’ ಎಂದು ಹೇಳಲು ಅಂಗಡಿಯವನಿಗೆ ಪೂರ್ತಿ ಹಕ್ಕಿದೆ.

ಮೋಸ ನಡೆದ ಮೇಲೆ ಸಿಗುವ ದಾರಿಗಳು ಕಿರಿದು. ಸೈಬರ್ ವಂಚನೆಗೆ 1930 ಸಹಾಯವಾಣಿ ಇದೆ. ಅದರ ದೊಡ್ಡ ಬಲವೆಂದರೆ ಹಣ ಹರಿದುಹೋದ ಖಾತೆಗಳನ್ನು ಬೇಗ ತಡೆಹಿಡಿಸುವುದು. ನಕಲಿ ಸ್ಕ್ರೀನ್‌ಶಾಟ್‌ನಲ್ಲಿ ಹಣವೇ ಹರಿದಿಲ್ಲ, ತಡೆಹಿಡಿಯಲು ಖಾತೆಯೇ ಇಲ್ಲ. ಹೋಗಿರುವುದು ಸಾಮಾನು. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ನಡಿ ಇದು ವಂಚನೆಯೇ. ಆದರೆ ದೂರಿಗೆ ಬಲ ಬರುವುದು ಸಿಸಿಟಿವಿ ದೃಶ್ಯ, ಬೈಕಿನ ನಂಬರ್, ಸ್ಕ್ರೀನ್‌ಶಾಟ್ ಕಳಿಸಿದ ವಾಟ್ಸ್‌ಆ್ಯಪ್ ನಂಬರ್ ಇವುಗಳಿಂದ. ಎರಡೂವರೆ ಸಾವಿರಕ್ಕಾಗಿ ಅಂಗಡಿ ಮುಚ್ಚಿ ಠಾಣೆಗೆ ಅಲೆಯುವವರು ಕಡಿಮೆ. ಅಕ್ಕಿ, ಎಣ್ಣೆಯಲ್ಲಿ ನೂರಕ್ಕೆ ಐದು ರೂಪಾಯಿ ಉಳಿಯುತ್ತದೆ ಎಂದು ಹಿಡಿದರೂ, ಆ ನಷ್ಟ ತುಂಬಲು ಹುಡುಗ 51,200 ರೂಪಾಯಿಯ ವ್ಯಾಪಾರ ಮಾಡಬೇಕು.

ಅವನು ಆಮೇಲೆ ಮಾಡಿದ ಬದಲಾವಣೆ ಸಣ್ಣದಾದರೂ ಸರಿಯಾದ ಜಾಗಕ್ಕೆ ಕೈ ಹಾಕಿತು. ಅಪ್ಪನ ಖಾತೆಯನ್ನು ತನ್ನ ಫೋನಿನ ಯುಪಿಐ ಆ್ಯಪ್‌ನಲ್ಲಿ ನೋಡಲು ಅವನಿಗೆ ಆಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಯಾವ ಫೋನಿನಲ್ಲಿದೆಯೋ ಅದರಲ್ಲೇ ಆ ಆ್ಯಪ್ ನೋಂದಣಿಯಾಗುತ್ತದೆ. ಆದ್ದರಿಂದ ಅಂಗಡಿಯ ವಹಿವಾಟಿಗೆಂದೇ ತನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದ. ಅದರ ಸಿಮ್ ಇರುವ ಫೋನು ಈಗ ಗಲ್ಲಾದಲ್ಲೇ ಇರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಬ್ಯಾಲೆನ್ಸನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾನೆ. ಐನೂರು ದಾಟಿದ ಬಿಲ್ಲಿಗೆ ಜಮೆಯ ಸಾಲು ಕಾಣುವವರೆಗೆ ಸಾಮಾನು ಕೌಂಟರಿನ ಒಳಗೇ ಇರುತ್ತದೆ. ಇಂಟರ್‌ನೆಟ್ ಕೈಕೊಟ್ಟ ದಿನ *99# ಒತ್ತಿ ಯುಪಿಐ ಪಿನ್ ಕೊಟ್ಟು ಬ್ಯಾಲೆನ್ಸ್ ನೋಡುವುದನ್ನೂ ಕಲಿತಿದ್ದಾನೆ.

ಎಲ್ಲರೂ ಹೀಗೆ ಖಾತೆ ಬದಲಿಸಿಕೊಳ್ಳಲಾರರು. ನಮ್ಮ ಊರುಗಳಲ್ಲಿ ಖಾತೆ ಯಜಮಾನನದು, ಗಲ್ಲಾದಲ್ಲಿ ಕೂರುವವರು ಮಗ, ಸೊಸೆ, ತಮ್ಮ ಅಥವಾ ಸಂಬಳದ ಹುಡುಗ. ಹಣ ಪಡೆಯುವ ಜಾಗ ಒಂದು, ಬಂದದ್ದು ತಿಳಿಯುವ ಜಾಗ ಇನ್ನೊಂದು ಆಗಿರುವವರೆಗೆ ನಕಲಿ ಪರದೆಗೆ ಅಲ್ಲಿ ಜಾಗ ಇದ್ದೇ ಇರುತ್ತದೆ. ಬ್ಯಾಂಕುಗಳು ಇದನ್ನು ಜಾಗೃತಿ ಪೋಸ್ಟರಿನ ವಿಷಯವೆಂದು ಕೈತೊಳೆದುಕೊಳ್ಳಬಾರದು. ಖಾತೆಯಿಂದ ಹಣ ತೆಗೆಯಲು ಅವಕಾಶವಿಲ್ಲದೆ, ಬಂದ ಜಮೆಯನ್ನಷ್ಟೇ ನೋಡಬಲ್ಲ ಎರಡನೆಯ ಫೋನನ್ನು ಸೇರಿಸುವ ಸೌಲಭ್ಯ ವ್ಯಾಪಾರದ ಪ್ರತಿ ಖಾತೆಗೂ ಉಚಿತವಾಗಿ ಸಿಗಬೇಕು. ಸಣ್ಣ ಮೊತ್ತದ ಜಮೆಗೆ ಸಂದೇಶ ನಿಲ್ಲಿಸುವ ನಿರ್ಧಾರ ಅಂಗಡಿಯ ಖಾತೆಗಳಿಗೆ ಅನ್ವಯಿಸಬಾರದು. ಬರುವ ಸಂದೇಶ ಕನ್ನಡದಲ್ಲಿದ್ದು, ಬಂದ ಮೊತ್ತ ಮೊದಲ ಸಾಲಿನಲ್ಲೇ ಕಾಣುವಂತಿದ್ದರೆ, ತೋಟದಲ್ಲಿ ನಿಂತು ಓದುವ ಅಪ್ಪನಿಗೂ 120 ಯಾವುದು, 2,560 ಯಾವುದು ಎಂದು ಗೊತ್ತಾಗುತ್ತದೆ.