ಸೋಲಾರ್ ತರಬೇತಿ ಮುಗಿಸಿದರೆ ಸರ್ಕಾರಿ ಕೆಲಸ ಖಚಿತವೇ?

ಹೀಗೊಂದು ಸಂದೇಶ ನಮಗೂ ಬಂದಿದೆ. ಅದರಲ್ಲಿ ಅರ್ಧ ಮಾತ್ರ ನಿಜ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ‘ಸೂರ್ಯಮಿತ್ರ’ 600 ಗಂಟೆಗಳ ಉಚಿತ ತರಬೇತಿ. ಆದರೆ ಅದು ನೇಮಕಾತಿಯಲ್ಲ. ಕೆಲಸ ಸಿಗುವುದು ಬಹುತೇಕ ಖಾಸಗಿ ಗುತ್ತಿಗೆದಾರರ ಬಳಿ. ಅದರ ಹೆಸರಲ್ಲಿ ಯಾರಾದರೂ ಶುಲ್ಕ ಕೇಳಿದರೆ ಅನುಮಾನಿಸಿ.

ಕೆಲಸ ಹೇಗಿರುತ್ತದೆ? ಮನೆಯ ಚಾವಣಿಯ ಮೇಲೆ 540 ವ್ಯಾಟಿನ ಆರು ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದ್ದೀರಿ ಎನ್ನಿ. ಒಂದೊಂದು ಸುಮಾರು 49 ವೋಲ್ಟ್ ಕೊಟ್ಟರೆ ಒಟ್ಟು 294. ಇನ್ವರ್ಟರ್‌ಗೆ ಸೇರಿಸುವ ಮೊದಲು ಮೀಟರ್ ಹಿಡಿಯಬೇಕು. 245ರ ಆಸುಪಾಸು ತೋರಿಸಿದರೆ ಒಂದು ಪ್ಯಾನೆಲ್ ಸಾಲಿಗೆ ಸೇರಿಲ್ಲದಿರಬಹುದು. ಏನೂ ತೋರಿಸದಿದ್ದರೆ ಎಲ್ಲೋ ಕನೆಕ್ಟರ್ ಬಿಟ್ಟಿರಬಹುದು. ಬಿಸಿಲು ಏರಿ ಪ್ಯಾನೆಲ್ ಕಾದಾಗ ವೋಲ್ಟೇಜ್ ತುಸು ಇಳಿಯುವುದು ಸಹಜ, ಅದು ದೋಷವಲ್ಲ.

ಅಪಾಯವೂ ಇಲ್ಲೇ ಇದೆ. ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವವರೆಗೆ ಪ್ಯಾನೆಲ್ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಡಿಸಿ ಕಿಡಿ ಮನೆಯ ಎಸಿಯಂತೆ ಬೇಗ ನಂದುವುದಿಲ್ಲ. ಸಡಿಲ ಕನೆಕ್ಟರ್ ಕರಗಿ ಬೆಂಕಿ ಹತ್ತುವುದು ಹೀಗೆಯೇ.

ಆದ್ದರಿಂದ ಐಟಿಐ ಎಲೆಕ್ಟ್ರಿಷಿಯನ್, ವೈರ್‌ಮನ್ ಓದಿದವರಿಗೆ ಇದು ಹೊಂದುತ್ತದೆ. ಪದವಿಗಿಂತ ಮೀಟರ್ ಓದುವ ಶಿಸ್ತು ಮುಖ್ಯ. ಎತ್ತರ ಕಂಡರೆ ತಲೆ ಸುತ್ತುವವರು ಚಾವಣಿ ಹತ್ತಬೇಡಿ. ವಿನ್ಯಾಸ, ಅಂದಾಜುಪಟ್ಟಿಯ ಕೆಲಸ ನೋಡಬಹುದು.