ಹಸುವಿನ ಪಂಚಾಂಗ, ಬ್ಯಾಂಕಿನ ಪಂಚಾಂಗ

ಕಳೆದ ಬಾರಿ ರಜೆಯ ಮೇಲೆ ಮಂಡ್ಯದ ಬಳಿಯ ನಮ್ಮೂರಿಗೆ ಹೋದಾಗ ಚಿಕ್ಕಪ್ಪನ ಮಗನ ಕೊಟ್ಟಿಗೆ ಬರಿದಾಗಿತ್ತು. ಬ್ಯಾಂಕ್ ಸಾಲದಿಂದ ಕೊಂಡಿದ್ದ ಮಿಶ್ರತಳಿಯ ಹಸುವನ್ನು, ಅದು ಹಾಲು ಬತ್ತಿ ಗಬ್ಬವಾಗಿದ್ದಾಗಲೇ, ಅವನು ಮಾರಿಬಿಟ್ಟಿದ್ದನು. ಆದರೆ ಪಾಸ್‌ಬುಕ್ಕಿನಲ್ಲಿ ಒಂದು ಕಂತೂ ತಪ್ಪಿರಲಿಲ್ಲ. "ಕೈಸಾಲ ಮಾಡಿ ಕಟ್ಟಿದೆ. ಕಂತು ತಿಂಗಳಿಗೊಂದು ಬರುತ್ತೆ ಅಣ್ಣಾ, ಹಸು ತಿಂಗಳಿಗೊಂದು ಸಲ ಈಯೋದಿಲ್ಲವಲ್ಲ" ಎಂದನು.

ಅವನ ಡೇರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆವು. ಸಾಲ 51,000 ರೂಪಾಯಿ, ಮೂರು ವರ್ಷ, ಬಡ್ಡಿ ಶೇಕಡಾ 10. ಸಮಕಂತು ತಿಂಗಳಿಗೆ ಸುಮಾರು 1,650. ಹಾಲಿನ ದರ ಲೀಟರಿಗೆ 33 ರೂಪಾಯಿ. ಕರು ಹಾಕಿದ ಮೊದಲ ನಾಲ್ಕು ತಿಂಗಳು ದಿನಕ್ಕೆ 14 ಲೀಟರ್ ಹಾಲು. ಹಿಂಡಿ, ಬೂಸಾ, ಮೇವು ಕಳೆದು ತಿಂಗಳಿಗೆ ಸುಮಾರು 6,600 ರೂಪಾಯಿ ಉಳಿಯುತ್ತಿತ್ತು. ಮುಂದಿನ ಮೂರು ತಿಂಗಳು ಉಳಿತಾಯ 3,900ಕ್ಕಿಳಿಯಿತು. ಅನಂತರದ ನಾಲ್ಕು ತಿಂಗಳು ಆರು ಲೀಟರ್ ಹಾಲಿನಲ್ಲಿ ಉಳಿದದ್ದು 1,100 ಮಾತ್ರ, ಕಂತಿಗೇ ಸಾಲದು. ಕೊನೆಯ ಮೂರು ತಿಂಗಳು ಹಾಲೇ ಇಲ್ಲ, ಮೇವಿಗೆ ಮಾತ್ರ ತಿಂಗಳಿಗೆ 3,000 ಖರ್ಚು.

ಇದೇ ಸಾಲವನ್ನು ಹಸುವಿನ ಪಂಚಾಂಗಕ್ಕೆ ಹೊಂದಿಸಬಹುದಿತ್ತು. ಮೊದಲ ನಾಲ್ಕು ತಿಂಗಳು ಅಸಲು 3,200ರಂತೆ, ಮುಂದಿನ ಮೂರು ತಿಂಗಳು 1,400ರಂತೆ, ಜೊತೆಗೆ ಬಡ್ಡಿ. ಉಳಿದ ಏಳು ತಿಂಗಳು ಬರಿಯ ಬಡ್ಡಿ. ಒಂದು ಸೂಲಿಗೆ 17,000 ತೀರುತ್ತದೆ. ಹದಿನಾಲ್ಕು ತಿಂಗಳಿಗೊಮ್ಮೆ ಈದರೆ ಮೂರನೆಯ ಸೂಲಿನಲ್ಲಿ, 35ನೆಯ ತಿಂಗಳಿಗೆ, ಅಸಲು ಮುಗಿಯುತ್ತದೆ. ಅವಧಿಯೂ ಮೀರುವುದಿಲ್ಲ, ಬ್ಯಾಂಕಿಗೆ ಬಡ್ಡಿಯೂ ನಷ್ಟವಾಗುವುದಿಲ್ಲ. ಹಾಲು ಹೆಚ್ಚಿರುವಾಗ ಬತ್ತುವ ಕಾಲದ ಮೇವಿಗೆ ಹಣ ತೆಗೆದಿಡುವುದು ಮಾತ್ರ ಮನೆಯವರ ಹೊಣೆ.

ನಿಯಮ ಅಡ್ಡಬರುವುದೆಂದು ಅಧಿಕಾರಿಗಳು ಹೇಳುತ್ತಾರೆ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯುಳಿದರೆ ಸಾಲವು ಅನುತ್ಪಾದಕವೆನಿಸುತ್ತದೆ. ಬೆಳೆಸಾಲಕ್ಕಿರುವ ಸುಗ್ಗಿಯ ಲೆಕ್ಕ ಹೈನುಗಾರಿಕೆಗೆ ಇಲ್ಲವೆಂಬುದೂ ನಿಜ. ಆದರೆ ಆ ದಿನಗಳ ಎಣಿಕೆ ಆರಂಭವಾಗುವುದು ಕಂತಿನ ದಿನಾಂಕದಿಂದ. ಅಸಲಿನ ಕಂತನ್ನೇ ಇಡದ ತಿಂಗಳಲ್ಲಿ ಅಸಲು ಬಾಕಿಯಾಗುವುದು ಹೇಗೆ? ತಡವಾಗಿ ಕಟ್ಟುವುದು ತಪ್ಪು. ಮೊದಲೇ ದಿನಾಂಕವನ್ನು ಸರಿಯಾಗಿ ಇಡುವುದು ತಪ್ಪಲ್ಲ.

ಕೈಗೆ ಬಂದ ಹಣವನ್ನು ರೈತ ಖರ್ಚುಮಾಡಿಬಿಡುವನೆಂಬ ಆತಂಕಕ್ಕೂ ದಾರಿಯಿದೆ. ಅವನ ಒಪ್ಪಿಗೆ ಪಡೆದು ಹಾಲಿನ ಸಂಘದ ಬಟವಾಡೆಯಲ್ಲೇ ಕಂತನ್ನು ಮುರಿದುಕೊಳ್ಳಬಹುದು.

ಈ ಲೆಕ್ಕ ಕೆಡುವುದು ಹಸು ಸಕಾಲಕ್ಕೆ ಗಬ್ಬ ಕಟ್ಟದಿದ್ದಾಗ. ಹದಿನಾಲ್ಕು ತಿಂಗಳಿಗೆ ಈಯಬೇಕಾದರೆ ಕರು ಹಾಕಿದ ಐದು ತಿಂಗಳೊಳಗೆ ಗರ್ಭ ನಿಲ್ಲಬೇಕು. ಏಳನೆಯ ತಿಂಗಳಲ್ಲಿ ಪಶುವೈದ್ಯರ ಪರೀಕ್ಷೆಯಿಂದ ಅದು ಖಚಿತವಾಗುತ್ತದೆ. ಗರ್ಭವಿಲ್ಲವೆಂದಾದರೆ ಕಂತು ತಪ್ಪುವ ಮುನ್ನವೇ ಪಟ್ಟಿಯನ್ನು ಬದಲಿಸಬೇಕು. ಹಸು ಸತ್ತರೆ ವಿಮೆಯುಂಟು; ಈಯುವುದು ತಡವಾದರೆ ಈ ಎಚ್ಚರವೊಂದೇ ರಕ್ಷೆ.

ಸಾಲದ ಅರ್ಜಿಯಲ್ಲಿ ಸರ್ವೆ ನಂಬರು, ಜಾಮೀನುದಾರರ ವಿವರ ಎಲ್ಲವನ್ನೂ ಕೇಳುತ್ತಾರೆ. ಹಸು ಕರು ಹಾಕಿದ ದಿನಾಂಕಕ್ಕೂ ಅಲ್ಲಿ ಒಂದು ಸಾಲಿನ ಜಾಗ ಬೇಕು. ಅದಿಲ್ಲದೆ ಬರೆದ ಕಂತಿನ ಪಟ್ಟಿಯಿಂದ ಪಾಸ್‌ಬುಕ್ಕು ಶುದ್ಧವಾಗಿ ಉಳಿದೀತು. ಕೊಟ್ಟಿಗೆಯಲ್ಲಿ ಹಸು ಉಳಿಯದು.